ಪದ ಬೇಕು: ದಿನ ತುಂಬದೆ ಹುಟ್ಟಿದ ಕೂಸಿನ ‘ಕರೆಕ್ಟೆಡ್ ಏಜ್’

ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯ ಒಂದು ಆಸ್ಪತ್ರೆಯವರಿಗೆ ಗೋಡೆಗೆ ಹಚ್ಚುವ ಹಾಳೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಸುಗೂಸುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುದಿಂದ ಮನೆಗೆ ಹೋದ ಮಕ್ಕಳು ತಿಂಗಳಿಗೊಮ್ಮೆ ತೂಕ ಮಾಡಿಸಲು ಬರುವ ಕೋಣೆಯಲ್ಲಿ ಅದು ಇರುತ್ತದೆ. ಓದುವವರು ನರ್ಸ್‌ಗಳು, ಆಶಾ ಕಾರ್ಯಕರ್ತೆಯರು, ತಾಯಂದಿರು. ಕೂಸು ಎಷ್ಟು ವಾರ ಮುಂಚೆ ಹುಟ್ಟಿದೆಯೋ ಅಷ್ಟನ್ನು ವಯಸ್ಸಿನಿಂದ ಬಿಟ್ಟು, ಉಳಿದ ವಯಸ್ಸಿಗೆ ಬೆಳವಣಿಗೆ ಚಾರ್ಟಿನಲ್ಲಿ ಚುಕ್ಕೆ ಇಡಬೇಕು. ಆ ವಯಸ್ಸಿಗೆ ಏನನ್ನೋಣ? ‘ಸರಿಪಡಿಸಿದ ವಯಸ್ಸು’, ‘ತಿದ್ದಿದ ವಯಸ್ಸು’, ‘ಪರಿಷ್ಕೃತ ವಯಸ್ಸು’ ಮೂರೂ ಬರೆದು ನೋಡಿದೆ. ಒಂದೂ ಕೂತಿಲ್ಲ. ನಾಳೆ ಸಂಜೆ ಗದಗಿನ ಪ್ರೆಸ್ಸಿಗೆ ಹೋಗಬೇಕು. ತಲೆಬರಹದಲ್ಲಿ ಹೆಚ್ಚೆಂದರೆ ಮೂರು ಪದ ಹಿಡಿಸುತ್ತವೆ.

ಶಾಂತಾ, ಧಾರವಾಡ

---

‘ತಿದ್ದಿದ ವಯಸ್ಸು’. ಇದರಲ್ಲಿ ಚರ್ಚೆಗೆ ಏನಿದೆ? ಹಳಗನ್ನಡದ ‘ತಿರ್ದು’, ತಮಿಳಿನ ‘ತಿರುತ್ತು’, ಎರಡೂ ಒಂದೇ ಬೇರು. ನೆಟ್ಟಗೆ ಮಾಡು, ಒಪ್ಪ ಮಾಡು ಅಂತ ಅರ್ಥ. ಮಗು ಅಕ್ಷರ ತಿದ್ದುತ್ತದೆ, ತಾಯಿ ಹುಬ್ಬು ತಿದ್ದುತ್ತಾಳೆ. ಇಷ್ಟು ಚೆಂದದ ಸ್ವಂತ ಪದ ಇರುವಾಗ ‘ಪರಿಷ್ಕೃತ’ ಯಾಕೆ ಬೇಕು?

ಗುರುಪಾದ, ಗದಗ

---

ಮೇಡಂ, ಶಾಲೆ ದಾಖಲೆಯಲ್ಲಿ ವಯಸ್ಸು ತಿದ್ದಿಸಬೇಕಾದರೆ ಮೊದಲು ಜನನ ಪ್ರಮಾಣಪತ್ರ ತೆಗೆಸಿಕೊಳ್ಳಿ. ಹತ್ತನೇ ತರಗತಿಯ ಅಂಕಪಟ್ಟಿ ಬಂದ ಮೇಲೆ ಬಹಳ ಕಷ್ಟ. ನನ್ನ ತಮ್ಮನದು ಹಾಗೇ ಆಗಿ ಕೋರ್ಟಿನವರೆಗೆ ಹೋಯಿತು. ಎರಡು ವರ್ಷ ಅಲೆದೆವು.

ಮಲ್ಲಿಕಾರ್ಜುನ, ಹಾವೇರಿ

---

ಮಲ್ಲಿಕಾರ್ಜುನ ಅವರೇ, ನಾನು ಕೇಳಿದ್ದು ಅದಲ್ಲ. ಆದರೆ ನಿಮ್ಮಿಂದ ಒಂದು ಉಪಕಾರ ಆಯಿತು. ‘ತಿದ್ದಿದ ವಯಸ್ಸು’ ಅಂದರೆ ನಮ್ಮ ಕಡೆ ಜನಕ್ಕೆ ಮೊದಲು ನೆನಪಾಗುವುದೇ ದಾಖಲೆ. ಗುರುಗಳೇ, ‘ಅಕ್ಷರ’ದ ಪಕ್ಕ ಇರುವ ‘ತಿದ್ದು’ ಬೇರೆ, ‘ವಯಸ್ಸಿ’ನ ಪಕ್ಕ ಬಂದಾಗ ಅದು ಬೇರೆ. ಆಸ್ಪತ್ರೆ ಗೋಡೆಯ ಮೇಲೆ ಹಾಗೆ ಬರೆದರೆ, ಹುಟ್ಟಿದ ದಿನವನ್ನೇ ಬದಲಾಯಿಸಿದರು ಅಂತ ತಾಯಿ ಗಾಬರಿಯಾಗುತ್ತಾಳೆ.

ಶಾಂತಾ

---

ಜನ ತಪ್ಪಾಗಿ ಓದಿದರೆ ಅದು ಪದದ ತಪ್ಪಲ್ಲ.

ಗುರುಪಾದ

---

ನಾನು ಶಿಗ್ಗಾವಿ ಕಡೆ ಅಂಗನವಾಡಿ ಮೇಲ್ವಿಚಾರಕಿ. ನಮಗೆ ದಿನಾ ಬರುವ ತೊಂದರೆ ಇದು. ತಾಯಿ ಕಾರ್ಡಿನ ಚಾರ್ಟಿನಲ್ಲಿ ಹುಟ್ಟಿದ ದಿನದಿಂದಲೇ ತಿಂಗಳು ಎಣಿಸಿ ಚುಕ್ಕೆ ಇಡುತ್ತೇವೆ. ಬೇಗ ಹುಟ್ಟಿದ ಕೂಸು ಹಸಿರು ಬಿಟ್ಟು ಸೀದಾ ತೂಕ ಕಮ್ಮಿ ಅನ್ನುವ ಹಳದಿ ಪಟ್ಟಿಗೆ ಬೀಳುತ್ತದೆ. ಆಮೇಲೆ ಅತ್ತೆ ಬಂದು ‘ನಿನ್ನ ಹಾಲು ಸಾಲಂಗಿಲ್ಲ’ ಅಂತ ಡಬ್ಬಿ ಹಾಲು ಶುರು ಮಾಡಿಸುತ್ತಾಳೆ. ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅದಕ್ಕೇ ಈ ಹಾಳೆ ಬೇಕೇ ಬೇಕು. ಲೆಕ್ಕ ಸುಲಭ ಅಲ್ವಾ? 37 ವಾರಕ್ಕೆ ದಿನ ತುಂಬಿತು ಅಂತ ಲೆಕ್ಕ. 37ರಿಂದ ಎಷ್ಟು ವಾರ ಕಮ್ಮಿಯೋ ಅಷ್ಟು ಕಳೆದರೆ ಆಯಿತು. ‘ಕಳೆದ ವಯಸ್ಸು’ ಅನ್ನಬಹುದು.

ರೇಣುಕಾ

---

ರೇಣುಕಾ ಅವರೇ, ಹಾಲಿನ ಮಾತು ನೂರಕ್ಕೆ ನೂರು ಖರೆ. ಆದರೆ ಲೆಕ್ಕ 37ರಿಂದ ಅಲ್ಲ, 40ರಿಂದ. ಕೂಸು ಬೇಗ ಹುಟ್ಟಿತೋ ಇಲ್ಲವೋ ಅನ್ನುವುದಕ್ಕೆ 37 ವಾರ ಗಡಿ. ಎಷ್ಟು ಬೇಗ ಹುಟ್ಟಿತು ಅನ್ನುವುದನ್ನು ಮಾತ್ರ ಹೆರಿಗೆಗೆ ಡಾಕ್ಟರ್ ಕೊಟ್ಟ ತಾರೀಖಿನಿಂದ ಅಳೆಯಬೇಕು. ಆ ತಾರೀಖು 40 ವಾರಕ್ಕೆ ಬರುತ್ತದೆ. ಇವೆರಡನ್ನು ಕಲಸುವುದು ನಮ್ಮ ಹೊಸ ನರ್ಸ್‌ಗಳಲ್ಲೂ ಇದೆ.

ಒಂದು ಕೂಸಿನ ಲೆಕ್ಕ ಪೂರ್ತಿ ಮಾಡಿ ತೋರಿಸುತ್ತೇನೆ. ಪದ ಹುಡುಕಲಿಕ್ಕೂ ಸಹಾಯ ಆದೀತು. ಹೆಣ್ಣು ಕೂಸು. ಕೊಟ್ಟ ತಾರೀಖು ಮಾರ್ಚ್ 15. ಹುಟ್ಟಿದ್ದು ಜನವರಿ 11. ನಡುವೆ 63 ದಿನ, ಅಂದರೆ ಸರಿಯಾಗಿ 9 ವಾರ. ಹಾಗಾದರೆ ಹುಟ್ಟಿದ್ದು 31 ವಾರಕ್ಕೆ. ಜುಲೈ 11ಕ್ಕೆ ತೂಕಕ್ಕೆ ಬಂದಳು. ಹುಟ್ಟಿದ ದಿನದಿಂದ ಆರು ತಿಂಗಳು. ತೂಕ 5.4 ಕಿಲೋ.

ವಿಶ್ವ ಆರೋಗ್ಯ ಸಂಸ್ಥೆಯ 2006ರ ಚಾರ್ಟಿನಲ್ಲಿ ಆರು ತಿಂಗಳ ಹೆಣ್ಣು ಕೂಸಿಗೆ ಹಸಿರಿನ ಕೆಳಗಿನ ಗೆರೆ 5.7 ಕಿಲೋ. ಆರು ತಿಂಗಳಿಗೆ ಚುಕ್ಕೆ ಇಟ್ಟರೆ ಇವಳು ಹಳದಿಗೆ ಬಿದ್ದಳು. ಆದರೆ ಮಾರ್ಚ್ 15ರಿಂದ ಎಣಿಸಿದರೆ ಅವಳಿಗೆ ನಾಲ್ಕು ತಿಂಗಳು, ನಾಲ್ಕೇ ದಿನ ಕಮ್ಮಿ. ನಾಲ್ಕು ತಿಂಗಳಿಗೆ ಆ ಗೆರೆ 5.0 ಕಿಲೋ. ಅದೇ ತೂಕ, ಅದೇ ತಕ್ಕಡಿ, ಕೂಸು ಹಸಿರಿನೊಳಗೆ ಬಂತು. ಇನ್ನು 37ರಿಂದ ಆರು ವಾರ ಮಾತ್ರ ಕಳೆದಿದ್ದರೆ ನಾಲ್ಕೂವರೆ ತಿಂಗಳು ದಾಟುತ್ತಿತ್ತು. ಆಗ ಚುಕ್ಕೆ ಹಸಿರಿನ ಅಂಚಿಗೇ ಬಂದು ಕೂರುತ್ತಿತ್ತು. ಮೂರು ವಾರ ಸಣ್ಣದು ಅನ್ನಿಸುತ್ತದೆ, ಆದರೆ ಈ ವಯಸ್ಸಿನಲ್ಲಿ ಸಣ್ಣದಲ್ಲ.

ಪದದ ಬಗ್ಗೆ ನನ್ನ ಮಾತು ಇಷ್ಟೇ. ‘ಕರೆಕ್ಟೆಡ್ ಏಜ್’ ಅಂತಲೇ ಇಡಿ. ನಮ್ಮ ನರ್ಸ್‌ಗಳ ಬಾಯಲ್ಲಿ ಅದೇ ಇದೆ.

ವಿನಯಾ, ಮಕ್ಕಳ ಡಾಕ್ಟರ್, ಹುಬ್ಬಳ್ಳಿ

---

ನರ್ಸ್‌ಗಳ ಬಾಯಲ್ಲಿ ಇದ್ದದ್ದನ್ನೇ ಗೋಡೆಗೆ ಹಚ್ಚುವುದಾದರೆ ಅನುವಾದ ಯಾಕೆ? ಹಾಳೆ ಇರುವುದು ತಾಯಿಗೆ. ‘ಕರೆಕ್ಟೆಡ್’ ಅಂದರೆ ಆಕೆಗೆ ಏನು ತಿಳಿಯುತ್ತದೆ? ಇನ್ನೊಂದು: ‘ಕಳೆದ ವಯಸ್ಸು’ ಅಂದರೆ ಮುಗಿದುಹೋದ ವಯಸ್ಸು, ಇಲ್ಲವೇ ಕಳೆದುಕೊಂಡ ವಯಸ್ಸು. ಬೇಡವೇ ಬೇಡ.

‘ವಯಸ್ಸು’ ಪದವೂ ನಮ್ಮದಲ್ಲ. ‘ಪ್ರಾಯ’ ಅನ್ನಿ. ಅದು ಅಚ್ಚಗನ್ನಡ.

ಗುರುಪಾದ

---

‘ಪ್ರಾಯ’ವೂ ಸಂಸ್ಕೃತದ್ದೇ, ಗುರುಗಳೇ. ‘ಪ್ರ’ ಅಂತ ಒತ್ತಕ್ಷರದಿಂದ ಶುರುವಾದಾಗಲೇ ಅನುಮಾನ ಬರಬೇಕಿತ್ತು. ಮೇಲಾಗಿ ನಮ್ಮ ಕಡೆ ಪ್ರಾಯ ಅಂದರೆ ಯೌವನ. ನಾಲ್ಕು ತಿಂಗಳ ಕೂಸಿಗೆ ಪ್ರಾಯ ಅನ್ನುವುದೇ? ಸ್ವಂತ ಪದವೇ ಬೇಕಾದರೆ ‘ತಿಂಗಳು’ ಇದೆ. ಚಂದ್ರನಿಗೂ ಅದೇ, ಮಾಸಕ್ಕೂ ಅದೇ. ಕೂಸಿನ ವಯಸ್ಸನ್ನು ಯಾರೂ ‘ವಯಸ್ಸೆಷ್ಟು’ ಅಂತ ಕೇಳುವುದಿಲ್ಲ. ‘ಎಷ್ಟ ತಿಂಗಳಾತು?’ ಅಂತಾರೆ.

ಈರಣ್ಣ, ನರಗುಂದ

---

ವಿನಯಾ ಮೇಡಂ, ನನ್ನ ಮಗಳ ಮಗ 32 ವಾರಕ್ಕೆ ಹುಟ್ಟಿದ. ಎಂಟು ವಾರ ಕಳೆದೇ ಎಣಿಸಿ ಅಂತ ಹೇಳಿದ್ದರು. ನಾವು ಎಲ್ಲದಕ್ಕೂ ಹಾಗೇ ಎಣಿಸಿದೆವು, ಲಸಿಕೆಗೂ ಕೂಡ. ಆರನೇ ವಾರದ ಲಸಿಕೆಗೆ ಹದಿನಾಲ್ಕನೇ ವಾರ ಕರೆದುಕೊಂಡು ಹೋದೆವು. ಅಲ್ಲಿ ಬೈಸಿಕೊಂಡಾಗ ನನಗೆ ಕಣ್ಣೀರು ಬಂತು. ನಾವು ಹೇಳಿದ ಹಾಗೆಯೇ ಮಾಡಿದ್ದೆವು. ದಯವಿಟ್ಟು ಹಾಳೆಯಲ್ಲಿ ಇದನ್ನು ಹಾಕಿ. ಪದ ಯಾವುದಾದರೂ ಇರಲಿ.

ಸಾವಿತ್ರಿ, ಹುಬ್ಬಳ್ಳಿ

---

ಸಾವಿತ್ರಿ ಅಕ್ಕಾ, ತಪ್ಪು ನಿಮ್ಮದಲ್ಲ. ಎಲ್ಲಿ ಕಳೆಯಬೇಕು, ಎಲ್ಲಿ ಕಳೆಯಬಾರದು ಅಂತ ಹೇಳದೆ ಬಿಟ್ಟವರದು. ಲಸಿಕೆಗೆ ಯಾವಾಗಲೂ ಹುಟ್ಟಿದ ದಿನದ ಲೆಕ್ಕ: ಆರು, ಹತ್ತು, ಹದಿನಾಲ್ಕು ವಾರ. ತೂಕ, ಉದ್ದ, ತಲೆಯ ಸುತ್ತಳತೆ, ಕುತ್ತಿಗೆ ನಿಲ್ಲುವುದು, ಕೂರುವುದು, ಇವಕ್ಕೆ ಮಾತ್ರ ಕೊಟ್ಟ ತಾರೀಖಿನ ಲೆಕ್ಕ. ಅಂದರೆ ಶಾಂತಾ ಮೇಡಂ, ನಿಮಗೆ ಬೇಕಾದದ್ದು ಒಂದು ಪದ ಅಲ್ಲ, ಒಂದು ಜೋಡಿ.

ಎಲ್ಲಿಯವರೆಗೆ ಅಂತ ಕೇಳುತ್ತಾರೆ. ಸಾಮಾನ್ಯವಾಗಿ ಎರಡು ವರ್ಷ ತುಂಬುವವರೆಗೆ. 28 ವಾರಕ್ಕಿಂತ ಮುಂಚೆ ಹುಟ್ಟಿದವರಿಗೆ ಮೂರು ವರ್ಷದವರೆಗೂ ಎಣಿಸುವ ಡಾಕ್ಟರುಗಳಿದ್ದಾರೆ. ಕಾರಣ ಚಾರ್ಟಿನಲ್ಲೇ ಕಾಣುತ್ತದೆ. ನಾಲ್ಕರಿಂದ ಆರನೇ ತಿಂಗಳಿಗೆ ನಡುಗೆರೆ ಸುಮಾರು 900 ಗ್ರಾಂ ಏರುತ್ತದೆ. ಎರಡು ವರ್ಷದ ಹತ್ತಿರ ಅದೇ ಎರಡು ತಿಂಗಳಿಗೆ 400 ಗ್ರಾಂ ಅಷ್ಟೆ. ಗೆರೆ ಚಪ್ಪಟೆಯಾದಂತೆ ಎರಡು ಲೆಕ್ಕದ ಅಂತರ ಸಣ್ಣದಾಗುತ್ತಾ ಹೋಗುತ್ತದೆ.

ಒಂದು ಎಚ್ಚರಿಕೆ. ಈ ಲೆಕ್ಕ ಕೂಸಿಗೆ ಕೊಡುವ ರಿಯಾಯಿತಿ ಅಲ್ಲ. ಸರಿಯಾದ ತಾರೀಖಿನಿಂದ ಎಣಿಸಿದ ಮೇಲೂ ಎರಡು ಮೂರು ತಿಂಗಳ ಚುಕ್ಕೆಗಳು ಇಳಿಮುಖ ಆಗಿ ಗೆರೆ ದಾಟುತ್ತಿದ್ದರೆ, ‘ಬೇಗ ಹುಟ್ಟಿದೆಯಲ್ಲ, ಹಾಗೇ ಇರುತ್ತದೆ’ ಅಂತ ಸುಮ್ನೆ ಕೂರಬಾರದು. ಒಂದೇ ಚುಕ್ಕೆ ನೋಡಬೇಡಿ, ಚುಕ್ಕೆಗಳು ಹೋಗುವ ದಾರಿ ನೋಡಿ.

ವಿನಯಾ

---

ಹಾಗಾದರೆ ಜೋಡಿ ಹೀಗೆ: ‘ಹುಟ್ಟಿದ ದಿನದ ವಯಸ್ಸು’ ಮತ್ತು ‘ಕೊಟ್ಟ ತಾರೀಖಿನ ವಯಸ್ಸು’. ‘ತುಂಬುದಿನದ ವಯಸ್ಸು’ ಕೂಡ ಮನಸ್ಸಿಗೆ ಬಂತು. ಕೇಳಲಿಕ್ಕೆ ಚೆಂದ. ಆದರೆ ದಿನ ತುಂಬಿ ಹುಟ್ಟಿದ ಕೂಸಿನ ವಯಸ್ಸು ಅಂತ ಉಲ್ಟಾ ಅರ್ಥ ಬರುತ್ತದೆ, ಬಿಟ್ಟೆ.

ಈವತ್ತು ಮುಂಜಾನೆ ಆ ಕೋಣೆಗೇ ಹೋಗಿದ್ದೆ. ಕುಂದಗೋಳ ಕಡೆಯ ಒಬ್ಬ ತಾಯಿ ಕೂಸನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ಕೂತಿದ್ದಳು. ‘ಸರಿಪಡಿಸಿದ ವಯಸ್ಸು ಎಷ್ಟು?’ ಅಂದೆ. ನನ್ನ ಮುಖ ನೋಡಿದಳು. ‘ಡಾಕ್ಟರ್ ಕೊಟ್ಟ ತಾರೀಖಿನಿಂದ ಎಷ್ಟ ತಿಂಗಳಾತು?’ ಅಂದೆ. ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಸರಿಸುತ್ತಾ ಎಣಿಸಿ ‘ಎರಡ ತುಂಬಿ ಮೂರರಾಗ ಐತ್ರಿ’ ಅಂದಳು. ಪಕ್ಕದ ನರ್ಸ್ ಕಾರ್ಡ್ ನೋಡಿ ಹೌದು ಅಂದಳು. ಆಕೆ ಏನನ್ನೂ ಕಳೆಯಲಿಲ್ಲ. 40ರಿಂದಲೋ 37ರಿಂದಲೋ ಅನ್ನುವ ಗೊಂದಲವೇ ಬರಲಿಲ್ಲ.

ಶಾಂತಾ

---

‘ತಾರೀಖು’ ಅರಬ್ಬಿ. ಸಂಸ್ಕೃತ ಬೇಡ ಅಂದವನು ನಾನು. ಅದಕ್ಕೆ ನೀವು ಅರಬ್ಬಿ ತಂದಿರಿ.

ಗುರುಪಾದ

---

ತಾರೀಖು, ಕಾಗದ, ದವಾಖಾನಿ, ವಕೀಲ. ಧಾರವಾಡದವರ ಬಾಯಿಂದ ಇವನ್ನೆಲ್ಲ ಕಿತ್ತು ತೆಗೆದರೆ ಉಳಿಯುವುದೇನು? ನೂರಾರು ವರ್ಷ ನಮ್ಮ ಜೊತೆ ಬಾಳಿದ ಪದಗಳು. ನಿಮ್ಮ ‘ದಿನಾಂಕ’ ಸಂಸ್ಕೃತ, ‘ಡೇಟು’ ಇಂಗ್ಲಿಷು. ಯಾವುದು ಬೇಕು ಹೇಳಿ.

ಈರಣ್ಣ

---

‘ಗೊತ್ತಿನ ದಿನ’ ಅನ್ನಬಹುದಿತ್ತು. ಯಾರಿಗೂ ಹೊಳೆಯಲಿಲ್ಲ.

ಗುರುಪಾದ

---

ಜಗಳದ ನಡುವೆ ನನ್ನದೊಂದು ಪ್ರಶ್ನೆ. ತಾಯಿ ಹೇಳುವ ತಾರೀಖು ಒಂದು, ಸ್ಕ್ಯಾನ್ ರಿಪೋರ್ಟಿನಲ್ಲಿ ಇನ್ನೊಂದು ಇದ್ದರೆ? ಕೆಲವರಿಗೆ ಕೊನೆಯ ಮುಟ್ಟಿನ ದಿನವೇ ನೆನಪಿರುವುದಿಲ್ಲ.

ರೇಣುಕಾ

---

ಮೊದಲ ಮೂರು ತಿಂಗಳೊಳಗೆ ಮಾಡಿದ ಸ್ಕ್ಯಾನ್ ಇದ್ದರೆ, ಅದರ ತಾರೀಖನ್ನು ಹೆಚ್ಚು ನಂಬಬಹುದು. ಏಳನೇ ತಿಂಗಳಲ್ಲಿ ಮೊದಲ ಸಲ ಸ್ಕ್ಯಾನ್ ಆಗಿದ್ದರೆ ಎರಡು ಮೂರು ವಾರ ಆಚೀಚೆ ಆಗಬಹುದು. ಅಂಥ ಕೂಸಿಗೆ ಲೆಕ್ಕ ಅಷ್ಟು ಗಟ್ಟಿ ಇಲ್ಲ ಅಂತ ಕಾರ್ಡಿನಲ್ಲೇ ಬರೆದಿಡಿ. ಆಗ ತೂಕವನ್ನು ಉದ್ದಕ್ಕೆ ಹೋಲಿಸುವ ಚಾರ್ಟ್ ಕೈ ಹಿಡಿಯುತ್ತದೆ. ಅದಕ್ಕೆ ವಯಸ್ಸೇ ಬೇಡ.

ಇನ್ನೊಂದು ತೊಡಕು ಉಳಿದಿದೆ. ಎನ್‌ಐಸಿಯುದಲ್ಲಿ ಕೊಟ್ಟ ತಾರೀಖು ಇನ್ನೂ ಬಂದೇ ಇರುವುದಿಲ್ಲ. ಈ ಪದ ಅಲ್ಲಿ ನಡೆಯುವುದಿಲ್ಲ. ಅಲ್ಲಿ ಬೇಗ ಹುಟ್ಟಿದ ಕೂಸುಗಳಿಗೆಂದೇ ಇರುವ ಫೆಂಟನ್ ಚಾರ್ಟಿನಲ್ಲಿ ಬಸಿರಿನ ವಾರವನ್ನೇ ಮುಂದುವರಿಸಿ 33, 34 ಅಂತ ಚುಕ್ಕೆ ಇಡುತ್ತೇವೆ. ಆ ಚಾರ್ಟ್ 50ನೇ ವಾರದವರೆಗೆ ಇದೆ. ಅದಕ್ಕೆ ಬೇರೆ ಪದ ಬೇಕು.

ವಿನಯಾ

---

ಅದಕ್ಕೆ ಸದ್ಯ ‘ಬಸಿರಿನ ವಾರ’ ಅಂತಲೇ ಇಟ್ಟಿದ್ದೇನೆ. ಹುಟ್ಟಿದ ಮೇಲೂ ಬಸಿರು ಹೇಗೆ ಅಂತ ಯಾರಾದರೂ ಕೇಳಿಯಾರು. ಉತ್ತಮ ಪದ ಸಿಕ್ಕರೆ ಬರೆಯಿರಿ, ಆ ಹಾಳೆ ಮುಂದಿನ ತಿಂಗಳಿನದು.

ಈ ಹಾಳೆ ಪ್ರೆಸ್ಸಿಗೆ ಹೋಯಿತು. ತಲೆಬರಹ: ‘ಕೊಟ್ಟ ತಾರೀಖಿನ ವಯಸ್ಸು’. ಕೆಳಗೆ: ‘ತೂಕ, ಉದ್ದ, ತಲೆಯ ಅಳತೆಗೆ ಡಾಕ್ಟರ್ ಕೊಟ್ಟ ತಾರೀಖಿನಿಂದ ಎಣಿಸಿ. ಲಸಿಕೆಗೆ ಹುಟ್ಟಿದ ದಿನದಿಂದ ಎಣಿಸಿ.’ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ‘ಕರೆಕ್ಟೆಡ್ ಏಜ್’ ಕೂಡ ಇದೆ, ನರ್ಸ್‌ಗಳಿಗಾಗಿ. ಸಾವಿತ್ರಿ ಅಕ್ಕಾ, ಲಸಿಕೆಯ ಸಾಲನ್ನು ಕೆಂಪಕ್ಷರದಲ್ಲಿ ಹಾಕಿಸಿದ್ದೇನೆ.

ಶಾಂತಾ

---

ನಾನು ಒಪ್ಪಿಲ್ಲ. ‘ಕೊಟ್ಟ’ ಅಂದರೆ ಯಾರು ಕೊಟ್ಟದ್ದು ಅನ್ನುವುದು ತಲೆಬರಹದಲ್ಲಿ ಇಲ್ಲ.

ಗುರುಪಾದ