ಪದಚರ್ಚೆ: ‘ಬರ್ನೌಟ್’ಗೆ ಕನ್ನಡದಲ್ಲಿ ಏನನ್ನೋದು? (ನರ್ಸ್‌ಗಳ ಪ್ರಶ್ನಾವಳಿಗೆ)

ಸುಮಾ:
ಎಲ್ರಿಗೂ ನಮಸ್ಕಾರ. ಒಂದು ಜಿಲ್ಲಾ ಆಸ್ಪತ್ರೆ ನರ್ಸ್‌ಗಳ ಮೇಲೆ ಥೀಸಿಸ್ ಮಾಡ್ತಿದೀನಿ. ಬರ್ನೌಟ್ ಅಂದ್ರೆ ಕೆಲಸದ ಒತ್ತಡದಲ್ಲಿ ಒಳಗಿಂದ ಬರಿದಾಗಿಬಿಡೋದು. ಅದನ್ನ ಅಳೆಯೋಕೆ ಮಾಸ್ಲಾಕ್ ಮತ್ತು ಜಾಕ್ಸನ್ 1981ರಲ್ಲಿ ಮಾಡಿದ ಪ್ರಶ್ನಾವಳೀನ ಅನುಮತಿ ತಗೊಂಡು ಕನ್ನಡಕ್ಕೆ ತರ್ಬೇಕು. ಮೇಲ್ಗಡೆ ‘ಬಳಲಿಕೆ’ ಅಂತ ಹಾಕಿದ್ದೆ, ಗೈಡ್ ಒಪ್ಪಲಿಲ್ಲ. ‘ದಹನಾವಸ್ಥೆ’ ಅಂತ ಕ್ಲಾಸ್‌ಮೇಟ್ ಒಬ್ಳು ಹೇಳಿದ್ಲು, ಸ್ಮಶಾನದ ಬೋರ್ಡ್ ಥರ ಇದೆ. ಒಳಗಡೆ ದಣಿವು, ಡಿಪರ್ಸನಲೈಸೇಶನ್, ಸಾಧನೆ ಅಂತ ಮೂರು ಭಾಗ ಇದೆ. ಡಿಪರ್ಸನಲೈಸೇಶನ್ ಅಂದ್ರೆ ರೋಗಿಗಳನ್ನ ಮನುಷ್ಯರ ಥರ ನೋಡದೇ ಇರೋದು, ಅದಕ್ಕೆ ‘ನಿರ್ವ್ಯಕ್ತೀಕರಣ’ ಅಂತ ಕಟ್ಟಿದೀನಿ, ನಂಗೇ ಅರ್ಥ ಆಗ್ತಿಲ್ಲ. ಸಹಾಯ ಮಾಡಿ.

ರಾಘು:
ಬರ್ನೌಟ್ ಈಗ ಕಾಯಿಲೆ ಅಲ್ವಾ? 2019ರಲ್ಲಿ ಡಬ್ಲ್ಯೂಎಚ್‌ಒ ಪಟ್ಟಿಗೆ ಸೇರ್ಸಿದ್ರು, ನ್ಯೂಸಲ್ಲಿ ಬಂದಿತ್ತು. ಹಾಗಿದ್ಮೇಲೆ ‘ವೃತ್ತಿ ಬಳಲಿಕೆ ರೋಗ’ ಅಂತ್ಲೇ ಇಟ್ಬಿಡಿ.

ಇಂದಿರಾ:
ರಾಘು, ಪಟ್ಟಿಯಲ್ಲಿದೆ ಸರಿ, ಆದ್ರೆ ಕಾಯಿಲೆಗಳ ಸಾಲಲ್ಲಿ ಅಲ್ಲ. ಉದ್ಯೋಗಕ್ಕೆ ಸಂಬಂಧಪಟ್ಟ ವಿದ್ಯಮಾನ, ವೈದ್ಯಕೀಯ ಸ್ಥಿತಿ ಅಲ್ಲ ಅಂತ ಅವರೇ ಬಿಡಿಸಿ ಹೇಳಿದಾರೆ. ‘ರೋಗ’ ಬೇಡ.

ಸುಮಾ, ಹೆಸರಿನ ತಲೆಬಿಸಿ ಥೀಸಿಸ್‌ಗೆ ಇಟ್ಕೊಳಮ್ಮ. ನರ್ಸ್ ಕೈಗೆ ಕೊಡೋ ಫಾರ್ಮ್ ಮೇಲೆ ಬರ್ನೌಟ್ ಅನ್ನೋ ಮಾತೇ ಇರಬಾರ್ದು. ಇಂಗ್ಲಿಷ್ ಫಾರ್ಮಲ್ಲೂ ಸೇವಾ ಕ್ಷೇತ್ರದವರ ಸಮೀಕ್ಷೆ ಅನ್ನೋ ಅರ್ಥದ ತಲೆಬರಹ ಅಷ್ಟೇ ಇರೋದು. ಯಾಕಂದ್ರೆ ಹೆಸರು ನೋಡಿದ ತಕ್ಷಣ ಕೆಲವರು ‘ನಂಗೂ ಅದೇ ಆಗಿದೆ’ ಅಂತ ಎಲ್ಲಾದಕ್ಕೂ ಹೆಚ್ಚು ಹಾಕ್ತಾರೆ, ಕೆಲವರು ‘ನಂಗೇನೂ ಆಗಿಲ್ಲಪ್ಪ’ ಅಂತ ಸೊನ್ನೆ ಹಾಕ್ಕೊಂಡು ಹೋಗ್ತಾರೆ.

ಬಸಣ್ಣ:
ನಾ ಬ್ಯಾಂಕಿನ್ಯಾಗ ಇದ್ದಾಂವ ರೀ. ಸ್ಟ್ರೆಸ್ ಕಮ್ಮಿ ಮಾಡಾಕ ಏನ್ ಮಾಡ್ಬೇಕಂತ ಕೇಳೀರಿ ಅಂದ್ರ, ಮೊದ್ಲ ಟಾರ್ಗೆಟ್ ಕಮ್ಮಿ ಮಾಡ್ರಿ. ನಮ್ಮಲ್ಲಿ ವರ್ಷಕ್ಕೊಮ್ಮೆ ಕೆಲಸದ ತೃಪ್ತಿ ಫಾರ್ಮ್ ಬರ್ತೈತಿ, ಮ್ಯಾಲ ಎಂಪ್ಲಾಯಿ ನಂಬರ್ ಬರೀಬೇಕು. ಅದನ್ನ ಬರ್ದು ಯಾರ್ ಖರೇ ಹೇಳ್ತಾರ? ಎಲ್ಲಾರೂ ಐದಕ್ಕ ನಾಕು ಹಾಕ್ತೀವಿ, ಆಮ್ಯಾಲ ಅವ್ರು ಒಂದು ಯೋಗಾ ಕ್ಲಾಸ್ ಇಡ್ತಾರ. ಪದ ಬೇಕಂದ್ರ ನಮ್ಮ ಕಡೆ ‘ಸಾಕಾಗಿ ಹೋಗೇತಿ’ ಅಂತೀವಿ.

ಇಂದಿರಾ:
ಬಸಣ್ಣೋರೇ, ಕೇಳಿದ್ದು ಅದಲ್ಲ, ಆದ್ರೆ ನಂಬರ್ ವಿಷಯ ಸುಮಾಗೆ ಬೇಕಾದ್ದೇ. ವಾರ್ಡ್, ವಯಸ್ಸು, ಸರ್ವೀಸ್ ಮೂರೂ ಕೇಳಿದ್ರೂ ಸಣ್ಣ ವಾರ್ಡಲ್ಲಿ ಯಾರು ಬರೆದಿದ್ದು ಅಂತ ಸಿಸ್ಟರ್ ಇನ್‌ಚಾರ್ಜ್‌ಗೆ ಗೊತ್ತಾಗ್ಬಿಡತ್ತೆ. ಇನ್ನೊಂದು, ತೃಪ್ತಿಯ ಫಾರ್ಮ್ ಬರ್ನೌಟ್ ಅಳೆಯಲ್ಲ. ಸಂಬಳ, ಮೇಲಧಿಕಾರಿ, ಜೊತೆಯವರು ಎಲ್ಲಾ ಹಿತ ಅನ್ನೋರೂ ಒಳಗಿಂದ ಬರಿದಾಗಿರಬಹುದು.

ಸುಮಾ:
ಥ್ಯಾಂಕ್ಸ್ ಮೇಡಂ. ಪೈಲಟ್ ಮಾಡಿದ್ವಿ, ‘ಸುಸ್ತಾಗತ್ತಾ’ ಅಂತ ಕೇಳಿದ್ರೆ ಎಲ್ರೂ ನೈಟ್ ಡ್ಯೂಟಿ ಕಾಲುನೋವು ಹೇಳ್ತಾರೆ. ಒಬ್ರ ಅಂಕ ಹೀಗೆ ಬಂದಿದೆ: ದಣಿವಲ್ಲಿ 54ಕ್ಕೆ 38, ಡಿಪರ್ಸನಲೈಸೇಶನ್ 30ಕ್ಕೆ 5, ಸಾಧನೆ 48ಕ್ಕೆ 41. ಕೂಡಿದ್ರೆ 84, ನಮ್ ಗುಂಪಲ್ಲೇ ಜಾಸ್ತಿ. ಇವ್ರಿಗೆ ಪೂರ್ತಿ ಬರ್ನೌಟ್ ಅಂತ ಬರೀಬಹುದಾ?

ಇಂದಿರಾ:
ಕೂಡಲೇಬಾರ್ದು! ಮೂರನೇದು ತಿರುಗುಮುರುಗು, ಅಲ್ಲಿ ಅಂಕ ಜಾಸ್ತಿ ಬಂದ್ರೆ ಒಳ್ಳೇದು, ‘ನನ್ನ ಕೆಲಸದಿಂದ ಏನೋ ಉಪಯೋಗ ಆಗ್ತಿದೆ’ ಅಂತ ಅನ್ಸೋರದ್ದು. ನಿನ್ನ ನರ್ಸ್‌ಗೆ ದಣಿವು ಬಹಳ, ಆದ್ರೆ ರೋಗಿಗಳ ಮೇಲೆ ಅಕ್ಕರೆ ಕಮ್ಮಿ ಆಗಿಲ್ಲ, ಕೆಲಸದ ಮೇಲೆ ನಂಬಿಕೆನೂ ಇದೆ. ಹೊರೆ ಮಿತಿಮೀರಿದೆ ಅಂತ ಬರಿ, ಪೂರ್ತಿ ಬರ್ನೌಟ್ ಅಂತಲ್ಲ. ಇಂಥವರಿಗೆ ಬೇಕಿರೋದು ಡ್ಯೂಟಿ ಪಟ್ಟಿ ಸರಿಯಾಗೋದು, ಇನ್ನೊಬ್ಬ ನರ್ಸ್ ಬರೋದು. ಹಳೇ ಪೇಪರ್‌ಗಳಲ್ಲಿ ದಣಿವು 27 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಹೆಚ್ಚು ಅಂತಿರತ್ತೆ, ಅದು ಬರೀ ಅಂದಿನ ಗುಂಪನ್ನ ಮೂರು ಪಾಲು ಮಾಡಿ ಗೆರೆ ಎಳೆದಿದ್ದು, 2016ರ ಕೈಪಿಡಿಯಲ್ಲಿ ತೆಗೆದೇ ಹಾಕಿದ್ರು. ನೀನೂ ಆ ಗೆರೆ ಬಳಸ್ಬೇಡ.

ಸುಸ್ತಿನ ಬದ್ಲು ‘ಮನಸ್ಸು ಸೋತುಹೋಗತ್ತೆ’ ಅಂತ ಹಾಕಿ ನೋಡು. ಉತ್ತರದ ಸಾಲಲ್ಲಿ ‘ಅಪರೂಪಕ್ಕೆ’, ‘ಯಾವಾಗ್ಲೋ ಒಮ್ಮೆ’ ಬೇಡ, ಅವೆರಡ್ರಲ್ಲಿ ಯಾವ್ದು ಕಮ್ಮಿ ಅಂತ ಜಗಳ ಆಗತ್ತೆ. ಸೊನ್ನೆಯಿಂದ ಆರರ ತನಕ ‘ತಿಂಗಳಿಗೆ ಕೆಲವು ಸಲ’, ‘ವಾರಕ್ಕೊಮ್ಮೆ’, ‘ದಿನಾ’ ಅಂತ ಲೆಕ್ಕ ಸಿಗೋ ಹಾಗೇ ಇರ್ಲಿ. ಆಮೇಲೆ ಇಂಗ್ಲಿಷ್ ಮೂಲ ನೋಡದೇ ಇರೋರ ಕೈಲಿ ನಿನ್ನ ಕನ್ನಡಾನ ಮತ್ತೆ ಇಂಗ್ಲಿಷ್‌ಗೆ ಮಾಡ್ಸಿ ಎರಡನ್ನೂ ಪಕ್ಕಪಕ್ಕ ಇಡು, ಎಲ್ಲಿ ಜಾರಿದೆ ಗೊತ್ತಾಗತ್ತೆ.

ರಾಘು:
ಡಿಪರ್ಸನಲೈಸೇಶನ್ ಹಾಗೇ ಉಳೀತಲ್ಲ. ‘ಕಲ್ಲುಮನಸ್ಸು’ ಆಗಲ್ವಾ?

ಇಂದಿರಾ:
ಅರ್ಥ ಹತ್ರ ಇದೆ, ಪೇಷೆಂಟ್ ಹೋಗಿ ‘ಹನ್ನೆರಡನೇ ಬೆಡ್’ ಆಗಿಬಿಡ್ತಾರಲ್ಲ, ಅದೇ. ಆದ್ರೆ ಬೈಗುಳ ಥರ ಕೇಳ್ಸತ್ತೆ. ಇನ್ನು ಸೈಕಿಯಾಟ್ರಿಯವರು ಡಿಪರ್ಸನಲೈಸೇಶನ್ ಅನ್ನೋ ಪದಾನ ತಾನೇ ತನಗೆ ಬೇರೆಯವನ ಹಾಗೆ ಅನ್ಸೋದಕ್ಕೆ ಬಳಸ್ತಾರೆ, ಹಾಗಾಗಿ ‘ನಿರ್ವ್ಯಕ್ತೀಕರಣ’ ಇಟ್ರೆ ಎರಡೂ ಕಲಸಿಹೋಗತ್ತೆ. ನಾನು ‘ನಂಟು ಕಳಚಿಕೊಳ್ಳೋದು’ ಅಂತೀನಿ.

ಸುಮಾ:
ಗೈಡ್‌ಗೆ ಒಂದೇ ಪದ ಬೇಕಂತೆ ಮೇಡಂ. ‘ನಿರ್ಲಿಪ್ತತೆ’ ಅಂದ್ರೆ?

ಬಸಣ್ಣ:
ಅದು ಸ್ವಾಮಿಗಳಿಗೆ ಹೇಳೋ ಮಾತು ರೀ, ಹೊಗಳಿಕಿ ಆಗ್ತೈತಿ.