ಓದುಗರ ಸ್ಪಂದನ: ಗೆಳೆಯನ ಸಾಲ, ನಾಲ್ಕು ಹಂಗಾಮು

ಕಳೆದ ಸಂಚಿಕೆಯ ಸಮಸ್ಯೆ: ಕಾರವಾರದ ಬೈತಖೋಲ್ ಬಂದರಿನಲ್ಲಿ ಬೋಟಿಗೆ ಹೋಗುವ ಓದುಗರೊಬ್ಬರು ಓಸಿ, ಇಸ್ಪೀಟು, ಆನ್‌ಲೈನ್ ರಮ್ಮಿ ಎಲ್ಲವನ್ನೂ ಬಿಟ್ಟಿದ್ದಾರೆ. ಶಿರಸಿಯ ಬಾಲ್ಯದ ಗೆಳೆಯನಿಗೆ 1,80,000 ರೂಪಾಯಿ ಕೊಡಬೇಕಿದೆ. ಅಮ್ಮನ ಆಪರೇಷನ್ ಎಂದು ಸುಳ್ಳು ಹೇಳಿ ತಂದ ದುಡ್ಡು ಅದು. ಒಡವೆ ಅಡವಿನ ಸಾಲ 1,10,000 ಮತ್ತು ಸೊಸೈಟಿ ಸಾಲ 60,000 ಬೇರೆ. "ತಿಂಗಳಿಗೆ 20,000 ಕೊಟ್ಟು ಒಂಬತ್ತು ತಿಂಗಳಲ್ಲಿ ತೀರಿಸುತ್ತೇನೆ ಎಂದು ಪತ್ರ ಬರೆದಿದ್ದೇನೆ, ಕಳಿಸಲಾ?" ಎಂದು ಕೇಳಿದ್ದರು.

ಅಂಕೋಲಾದಿಂದ, ನಿವೃತ್ತ ಸೊಸೈಟಿ ಕಾರ್ಯದರ್ಶಿ

ತಮ್ಮಾ, ಆ ಪತ್ರ ಕಳಿಸಬೇಡ. ನಿನ್ನ ಮನಸ್ಸು ಒಳ್ಳೆಯದೇ. ಲೆಕ್ಕ ಮಾತ್ರ ನಿಲ್ಲುವುದಿಲ್ಲ.

ಬೋಟಿನ ಪಾಲು ಒಳ್ಳೆ ತಿಂಗಳು, ಕೆಟ್ಟ ತಿಂಗಳು ಸೇರಿ ಸರಾಸರಿ 26,000 ಬರುತ್ತದೆ ಎಂದು ಬರೆದಿದ್ದೀಯ. ಮನೆಗೆ 15,000 ಬೇಕು. ಉಳಿಯುವುದೇ 11,000. ಅದರಲ್ಲಿ 20,000 ಎಲ್ಲಿಂದ ಕೊಡುತ್ತೀಯ? ಬೇರೆ ಕಡೆ ಸಾಲ ಮಾಡಬೇಕು, ಇಲ್ಲ ಮತ್ತೆ ಓಸಿ ಚೀಟಿ ಬರೆಸಬೇಕು. ಆಟ ಬಿಟ್ಟವರು ತಿರುಗಿ ಬೀಳುವುದು ಹೆಚ್ಚಾಗಿ ಇಲ್ಲೇ. ಬೇಗ ತೀರಿಸಿ ತಲೆ ಎತ್ತಿ ನಡೆಯಬೇಕು ಎಂಬ ಅವಸರ, ಒಂದೇ ಸಲಕ್ಕೆ ದೊಡ್ಡ ಮೊತ್ತ ಬಂದರೆ ಸಾಕು ಎಂಬ ಹಳೆಯ ಆಸೆಯನ್ನೇ ಎಬ್ಬಿಸುತ್ತದೆ.

ಇನ್ನೊಂದು ವಿಷಯ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆ ನಿಷೇಧ. ಬೋಟು ದಡದಲ್ಲಿರುವಾಗ ಪಾಲು ಇಲ್ಲ. ನಿನ್ನ ಪತ್ರದಲ್ಲಿ ಮಳೆಗಾಲವೇ ಇಲ್ಲ ನೋಡು. ಆ ಎರಡು ತಿಂಗಳು ಬಲೆ ನೇಯುವುದು, ಹೆಂಚು ಹೊದೆಸುವುದು ಅಂತ ಕೂಲಿ ಸಿಕ್ಕಿದರೂ ಮನೆಗೇ ಸಾಲದು. ಹಾಗಾಗಿ 11,000ದಲ್ಲಿ 2,000 ಮಳೆಗಾಲಕ್ಕೆ ಬೇರೆ ಇಡು. ಉಳಿದದ್ದು 9,000. ಒಡವೆಗೆ 3,000 ಕಟ್ಟು, ಬಡ್ಡಿ ನಿಂತರೆ ಹರಾಜಿಗೆ ಹೋಗುತ್ತದೆ. ಸೊಸೈಟಿಗೆ 1,500. ಗೆಳೆಯನಿಗೆ 4,500.

ಆಗಸ್ಟಿನಲ್ಲಿ ಬೋಟು ಇಳಿದರೆ ಮೊದಲ ಕಂತು ಸೆಪ್ಟೆಂಬರ್ 5ಕ್ಕೆ. ಮೇ ತಿಂಗಳ ದುಡಿಮೆಯ ಕಂತು ಜೂನ್ 5ಕ್ಕೆ. ವರ್ಷಕ್ಕೆ ಹತ್ತು ಕಂತು, 45,000. ನಾಲ್ಕು ಹಂಗಾಮಿಗೆ 1,80,000 ಮುಗಿಯುತ್ತದೆ. ನಾಲ್ಕು ವರ್ಷ ಅಂದರೆ ನಾಚಿಕೆ ಅನ್ನಿಸಬಹುದು. ಆದರೆ ಒಂಬತ್ತು ತಿಂಗಳೆಂದು ಬರೆದು ಮೂರನೇ ತಿಂಗಳಿಗೆ ಕೈಚೆಲ್ಲಿದರೆ, ಅವನ ಪಾಲಿಗೆ ಅದು ಇನ್ನೊಂದು ಸುಳ್ಳು.

ಮೂವರಿಗೂ ಒಟ್ಟಿಗೇ ಕಟ್ಟು. ಗೆಳೆಯನೊಬ್ಬನನ್ನು ಮೊದಲು ತೀರಿಸುತ್ತೇನೆಂದು ಸೊಸೈಟಿ ಬಿಟ್ಟರೆ ನೋಟೀಸು ಜಾಮೀನುದಾರರ ಮನೆಗೂ ಹೋಗುತ್ತದೆ.

ಶಿರಸಿಯ ಹತ್ತಿರದ ಹಳ್ಳಿಯಿಂದ, ಅಡಿಕೆ ಬೆಳೆಗಾರ ಗೃಹಿಣಿ

ಅಂಥದೇ ಕಾರಣಕ್ಕೆ ದುಡ್ಡು ಕೊಟ್ಟ ಮನೆ ನಮ್ಮದು. ಹಾಗಾಗಿ ಕೊಟ್ಟವರ ಕಡೆಯಿಂದ ಬರೆಯುತ್ತೇನೆ.

ನಿಮ್ಮ ಗೆಳೆಯರ ದುಡ್ಡು ಎಲ್ಲಿಂದ ಬಂತು ಎಂದು ಯೋಚನೆ ಮಾಡಿದ್ದೀರಾ? ನಮ್ಮಲ್ಲಿ ಚಾಲಿ ಅಡಿಕೆ ಒಣಗಿಸಿ, ಸುಲಿಸಿ, ರೇಟು ನೋಡಿ ಮಾರೋಣ ಅಂತ ಚೀಲ ಕಟ್ಟಿ ಇಟ್ಟಿರುತ್ತೇವೆ. ಅಮ್ಮನ ಆಪರೇಷನ್ ಅಂದ ಕೂಡಲೇ ಅವರು ರೇಟು ನೋಡದೆ ಮಾರಿರಬಹುದು. ಇಂಥ ಮನೆಗೆ ದುಡ್ಡಿಗಿಂತ ಜಾಸ್ತಿ ನೋವು ಕೊಡುವುದು ಆ ಕಾರಣ. ಅವರು ನಿಮ್ಮ ಅಮ್ಮನನ್ನು ನೆನೆಸಿ ಗಾಬರಿಪಟ್ಟಿರುತ್ತಾರೆ.

ನಿಮ್ಮ ಪತ್ರದಲ್ಲಿ "ಪರಿಸ್ಥಿತಿ ಹಾಗಿತ್ತು" ಅಂತ ಇದೆ. ಅದನ್ನು ತೆಗೆಯಿರಿ. "ಕ್ಷಮಿಸು" ಎನ್ನುವುದು ಒಂದೇ ಸಲ ಸಾಕು. ಮೂರು ಸಲ ಕೇಳಿದರೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಅವರ ತಲೆ ಮೇಲೇ ಬೀಳುತ್ತದೆ. ನಾನಾಗಿದ್ದರೆ ಇಷ್ಟು ಓದಲು ಬಯಸುತ್ತಿದ್ದೆ:

"ಅಮ್ಮನಿಗೆ ಆಪರೇಷನ್ ಆಗಿರಲಿಲ್ಲ. ನಾನು ಸುಳ್ಳು ಹೇಳಿದೆ. ನಿನ್ನಿಂದ ತಂದ 1,80,000 ರೂಪಾಯಿಯನ್ನೂ ಆಟದಲ್ಲಿ ಕಳೆದೆ. ನನ್ನನ್ನು ಕ್ಷಮಿಸು. ಈಗ ಆಡುತ್ತಿಲ್ಲ. ಒಡವೆ, ಸೊಸೈಟಿ ಸೇರಿ ನನಗಿರುವ ಒಟ್ಟು ಸಾಲ 3,50,000. ಮನೆಯವಳಿಗೆ ಎಲ್ಲವೂ ಗೊತ್ತು. ಸೆಪ್ಟೆಂಬರ್‌ನಿಂದ ಜೂನ್‌ವರೆಗೆ ಪ್ರತಿ ತಿಂಗಳು 5ನೇ ತಾರೀಕಿಗೆ 4,500 ನಿನ್ನ ಖಾತೆಗೆ ಬರುತ್ತದೆ. ಜುಲೈ, ಆಗಸ್ಟ್ ಬರುವುದಿಲ್ಲ. ನಾಲ್ಕು ವರ್ಷ ಬೇಕು. ಒಡವೆ ಸಾಲ ಅದಕ್ಕಿಂತ ಮೊದಲೇ ತೀರಿದರೆ ಅದಕ್ಕೆ ಕಟ್ಟುವ 3,000 ಕೂಡ ನಿನಗೇ. ಈ ಲೆಕ್ಕ ನಿನಗೆ ಒಪ್ಪಿಗೆಯಾಗದಿದ್ದರೆ ಹೇಳು. ನಾನು ಇನ್ನು ಯಾವತ್ತು ಕೇಳಿದರೂ, ಏನು ಕಾರಣ ಹೇಳಿದರೂ, ದುಡ್ಡು ಕೊಡಬೇಡ."

ಕೊನೆಯ ಸಾಲನ್ನು ಮಾತ್ರ ಬಿಡಬೇಡಿ. ಅದು ನಿಮ್ಮಿಬ್ಬರನ್ನೂ ಕಾಯುತ್ತದೆ.

ಇನ್ನೂ ಒಂದು. ಅಡಿಕೆಗೆ ಕೊಳೆ ರೋಗ ಬರದ ಹಾಗೆ ಮಳೆ ಹಿಡಿಯುವ ಮೊದಲೇ ತೋಟಕ್ಕೆ ಮದ್ದು ಹೊಡೆಸಬೇಕು. ಮೈಲುತುತ್ತ, ಸುಣ್ಣ, ಮರ ಹತ್ತುವ ಕೊನೆಗೌಡನ ಕೂಲಿ ಎಲ್ಲ ಸೇರಿ ಆ ಹೊತ್ತಿಗೆ ಕೈಯಲ್ಲಿ ನಗದು ಬೇಕೇ ಬೇಕು. ಯಾವ ತಿಂಗಳ ಕಂತು ತಪ್ಪಿದರೂ ಮೇ, ಜೂನ್ ಕಂತು ತಪ್ಪಿಸಬೇಡಿ.

ಕುಮಟಾದಿಂದ, ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುವ ಓದುಗ

ಪತ್ರಕ್ಕೆ ತಾರೀಕು ಹಾಕಿ, ಸಹಿ ಮಾಡಿ. ವಾಯಿದೆ ಹಾಕದ ಕೈಸಾಲಕ್ಕೆ ಸಾಮಾನ್ಯವಾಗಿ ಕೊಟ್ಟ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. 1963ರ ಕಾಲಮಿತಿ ಕಾಯ್ದೆ ಪ್ರಕಾರ, ಆ ಅವಧಿ ಮುಗಿಯುವ ಮೊದಲು ಸಾಲಗಾರ ಬರೆದು ಸಹಿ ಮಾಡಿ ಒಪ್ಪಿಕೊಂಡರೆ ಅಲ್ಲಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ನಿಮ್ಮ ಗೆಳೆಯರು ಕೋರ್ಟಿಗೆ ಹೋಗುತ್ತಾರೆಂದು ಅಲ್ಲ. ನಾಲ್ಕು ವರ್ಷ ಕಾಯಿರಿ ಎನ್ನುವವರು ಅವರ ಹಕ್ಕನ್ನೂ ಕಾಯಬೇಕು, ಅಲ್ವಾ? ಕಂತನ್ನು ಬ್ಯಾಂಕ್ ಮೂಲಕವೇ ಕೊಡಿ.

ಹೊನ್ನಾವರದಿಂದ, ಆಟ ಬಿಟ್ಟವರೊಬ್ಬರ ಹೆಂಡತಿ

ಅಣ್ಣಾ, ಪತ್ರ ಬರೆಯುವುದು ಒಂದು ಸಂಜೆಯ ಕೆಲಸ. ಪಾಲು ಕೈಗೆ ಬಂದ ದಿನ ಏನು ಮಾಡುತ್ತೀರಿ ಎನ್ನುವುದೇ ಕಷ್ಟದ್ದು. ನಮ್ಮ ಮನೆಯಲ್ಲಿ ದುಡಿಮೆ ನೇರ ನನ್ನ ಖಾತೆಗೆ ಬರುತ್ತದೆ. ಅವರ ಫೋನಿನಲ್ಲಿ ಯುಪಿಐ ಇಲ್ಲ. ಚಹಾ, ಬಸ್ಸಿಗೆ ದಿನಕ್ಕೆ ಇಷ್ಟು ಅಂತ ನಗದು ಕೊಡುತ್ತೇನೆ. ಇದು ಅವಮಾನ ಎಂದು ಅವರಿಗೆ ಮೊದಲು ಅನ್ನಿಸಿತ್ತು. ಈಗ ಅವರೇ ಇದು ಬೇಕು ಅನ್ನುತ್ತಾರೆ. ನಿಮ್ಮಲ್ಲಿ ಪಾಲು ನಗದಾಗಿ ಸಿಗುತ್ತದಾದರೆ ಲೆಕ್ಕ ಮಾಡುವ ದಿನ ಅತ್ತಿಗೆಯವರನ್ನೇ ಬಂದರಿಗೆ ಕರೆಯಿರಿ.

2025ರಲ್ಲಿ ಕೇಂದ್ರದ ಕಾನೂನು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆದರೆ ಓಸಿ ಚೀಟಿ ಬರೆಯುವವನು ಅದೇ ಚಹಾದಂಗಡಿ ಪಕ್ಕದಲ್ಲೇ ಇರುತ್ತಾನೆ. ಗೋವಾದ ಕ್ಯಾಸಿನೊ ಕಾರವಾರದಿಂದ ದೂರವೇನಲ್ಲ. ಜಾರುತ್ತಿರುವುದು ಮೊದಲು ಮಾತಿನಲ್ಲಿ ಗೊತ್ತಾಗುತ್ತದೆ. "ಈ ಸಲ ಎರಡು ಕಂತು ಒಟ್ಟಿಗೇ ಕೊಡ್ತೇನೆ" ಅನ್ನುವುದು, ಫೋನು ಬೋರಲು ಹಾಕುವುದು, ಪಾಲು ಇನ್ನೂ ಬಂದಿಲ್ಲ ಅನ್ನುವುದು. ಇದನ್ನು ಮನೆಯವರಿಗೆ ನೀವೇ ಮೊದಲು ಹೇಳಿಡಿ. ಆಡುವ ಸೆಳೆತ ಎದ್ದರೆ 14416ಕ್ಕೆ, ಟೆಲಿ ಮಾನಸ್‌ಗೆ, ಫೋನ್ ಮಾಡಿ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ.

ಒಂದು ತಿಂಗಳು ಮೀನು ಸಿಗದೆ ಪೂರ್ತಿ 4,500 ಆಗದಿದ್ದರೆ, 5ನೇ ತಾರೀಕಿಗೂ ಮೊದಲೇ ಗೆಳೆಯರಿಗೆ ಫೋನ್ ಮಾಡಿ. ಬೋಟು ಎಷ್ಟು ದಿನ ಹೋಯಿತು, ಪಾಲು ಎಷ್ಟು ಬಂತು ಎಂದು ಹೇಳಿ, ಆದಷ್ಟು ಕಳಿಸಿ. ಉಳಿದದ್ದನ್ನು ಮುಂದಿನ ತಿಂಗಳಿಗೆ ಸೇರಿಸಿ ದುಪ್ಪಟ್ಟು ಮಾಡಿಕೊಳ್ಳಬೇಡಿ. ನಾಲ್ಕನೇ ಹಂಗಾಮಿನ ಕೊನೆಗೆ ಒಂದು ಕಂತು ಹೆಚ್ಚಾಗುತ್ತದೆ, ಅಷ್ಟೇ.