ದರಪಟ್ಟಿಯಲ್ಲಿ ಪೈಸೆಯ ಚುಕ್ಕೆ ಒಂದೇ ಗೆರೆಯಲ್ಲಿ ನಿಲ್ಲುತ್ತಿಲ್ಲ. ತಲೆ ಕೆಟ್ಟು ಹೋಗಿದೆ!

ಬೆಲ್ಲದಚ್ಚು:
ಮೂರು ದಿನದಿಂದ ಇದೇ ಕೆಲಸ. ದಾವಣಗೆರೆಯಲ್ಲಿ ಭಾವನ ಹಾರ್ಡ್‌ವೇರ್ ಅಂಗಡಿ ಇದೆ. ಸಗಟು ಗಿರಾಕಿಗಳಿಗೆ ಕೊಡುವ ದರಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡಿದ್ದೇನೆ. ನಟ್ಟು, ಬೋಲ್ಟು, ವಾಷರ್, ಸ್ಕ್ರೂ ಎಲ್ಲ ಸೇರಿ 240 ಸಾಲು. ದರದ ಕಾಲಂಗೆ ರೈಟ್ ಅಲೈನ್ ಕೊಟ್ಟಿದ್ದೇನೆ. ಆದರೂ ಚುಕ್ಕೆಗಳು ಮೇಲಿಂದ ಕೆಳಗೆ ಹಾವಿನ ಹಾಗೆ ಹೋಗುತ್ತವೆ. ಕೆಲವು ಅಂಕಿ ಗೆರೆಯಿಂದ ಕೆಳಗೆ ಜಾರಿದ ಹಾಗೆ ಬೇರೆ ಕಾಣುತ್ತದೆ. ಭಾವ "ಕುಡಿದು ಟೈಪ್ ಮಾಡಿದ್ಯಾ?" ಅಂತ ಕೇಳಿದರು. ವಿಚಿತ್ರ ಅಂದರೆ ಅದೇ ಫೈಲನ್ನು ಫೋನ್‌ನಲ್ಲಿ ತೆಗೆದರೆ ನೆಟ್ಟಗಿದೆ! ಪ್ರಿಂಟರ್ ಸಮಸ್ಯೆನಾ?

ಫಾರ್ಮುಲಾ ಶೆಟ್ರು:
ಪ್ರಿಂಟರ್ ಅಲ್ಲ ಮಾರಾಯ್ರೆ. ನಿಮ್ಮ ದರಗಳು ಸಂಖ್ಯೆ ಅಲ್ಲ, ಟೆಕ್ಸ್ಟ್ ಆಗಿ ಕೂತಿವೆ. ಎಲ್ಲಿಂದಲೋ ಕಾಪಿ ಮಾಡಿದಾಗ ಹಿಂದೆ ಒಂದು ಸ್ಪೇಸ್ ಸೇರಿಕೊಂಡಿರುತ್ತದೆ. ಪಕ್ಕದ ಕಾಲಂನಲ್ಲಿ ಇದನ್ನು ಹಾಕಿ ನೋಡಿ:

```
=ISNUMBER(C2)
```

FALSE ಬಂದರೆ ಕಳ್ಳ ಸಿಕ್ಕಿದ ಅಂತ ತಿಳಿಯಿರಿ.

ಬೆಲ್ಲದಚ್ಚು:
240 ಸಾಲಿಗೂ TRUE ಬಂತು.

ಫಾರ್ಮುಲಾ ಶೆಟ್ರು:
ಹಾಗಾದರೆ ಸೆಲ್ ಫಾರ್ಮ್ಯಾಟ್. ಅಲ್ಲಿ ಏನಿದೆ ಅಂತ ಬರೆಯಿರಿ. ಕೆಲವು ಸಾಲಿಗೆ ಅಕೌಂಟಿಂಗ್, ಕೆಲವಕ್ಕೆ ಜನರಲ್ ಇದ್ದರೆ ಹೀಗೇ ಆಗುತ್ತದೆ. ನಾನು ಎಂಟು ವರ್ಷದಿಂದ ಸೊಸೈಟಿಯ ಲೆಕ್ಕ ಬರೆಯುತ್ತಿದ್ದೇನೆ, ಇಂಥದ್ದು ನೂರು ನೋಡಿದ್ದೇನೆ.

ಬೆಲ್ಲದಚ್ಚು:
ಎಲ್ಲ ಸಾಲಿಗೂ ಒಂದೇ ಇದೆ:

```
#,##0.??
```

240.00 ಅಂತ ಸೊನ್ನೆ ಬರುವುದು ಬೇಡ, ಬರೀ "240." ಬಂದು ಚುಕ್ಕೆ ಜಾಗದಲ್ಲೇ ಇರಲಿ ಅಂತ ಹಾಕಿದ್ದು.

ಫಾರ್ಮುಲಾ ಶೆಟ್ರು:
ನೋಡಿ! ನಾನು ಹೇಳಲಿಲ್ವಾ. ಆ ಪ್ರಶ್ನೆ ಚಿಹ್ನೆ ತೆಗೆಯಿರಿ. `0.00` ಮಾಡಿ. ಮುಗೀತು. ಪರಿಹಾರ ಆಯಿತು ಅಂತ ಗುರುತು ಹಾಕಬಹುದು.

ಬೆಲ್ಲದಚ್ಚು:
ಮಾಡಿದೆ. ಮೊದಲಿಗಿಂತ ಪರವಾಗಿಲ್ಲ. ಆದರೆ 240.00 ಮತ್ತು 8.75 ಒಂದರ ಕೆಳಗೆ ಒಂದು ಬಂದಾಗ ಚುಕ್ಕೆ ಈಗಲೂ ಆಚೀಚೆ.

ಕೋಡುಬಳೆ:
ನನ್ನದೂ ಇದೇ ಗೋಳು. ನಮ್ಮ ಬಸ್ ವೇಳಾಪಟ್ಟಿಯ ಪುಟದಲ್ಲಿ ಮೇಲೊಂದು ಗಡಿಯಾರ ಓಡುತ್ತದೆ. 11:11:11 ಬಂದಾಗ ಇಡೀ ಗಡಿಯಾರ ಕುಗ್ಗಿ, 20:00:00 ಬಂದಾಗ ಹಿಗ್ಗಿ, ಪ್ರತಿ ಸೆಕೆಂಡಿಗೂ ನಡುಗುತ್ತಿತ್ತು. ಒಂದೇ ಸಾಲಿನಲ್ಲಿ ಸರಿಹೋಯಿತು:

```css
font-variant-numeric: tabular-nums lining-nums;
```

ಇದನ್ನೇ ಹಾಕಿ ನೋಡಿ.

ಬೆಲ್ಲದಚ್ಚು:
ಎಕ್ಸೆಲ್‌ನಲ್ಲಿ ಇದನ್ನು ಎಲ್ಲಿ ಹಾಕಬೇಕು?

ಕೋಡುಬಳೆ:
ಓ, ಎಕ್ಸೆಲ್ ಅಲ್ವಾ. ಕ್ಷಮಿಸಿ, ವೆಬ್‌ಪುಟ ಅಂದುಕೊಂಡೆ.

ಮೊಳೆಜೋಡಣೆ:
ಎಲ್ಲರೂ ಎಲ್ಲ ಕೇಳಿದಿರಿ. ಯಾವ ಫಾಂಟ್ ಅಂತ ಒಬ್ಬರೂ ಕೇಳಲಿಲ್ಲ.

ಬೆಲ್ಲದಚ್ಚು:
ಜಾರ್ಜಿಯಾ. ಅಂಗಡಿಯ ಲೆಟರ್‌ಹೆಡ್‌ನಲ್ಲಿ ಅದೇ ಇದೆ, ಅದಕ್ಕೆ ಎಲ್ಲ ಕಡೆ ಅದನ್ನೇ ಹಾಕಿದೆ. ಫಾಂಟಿಗೂ ಅಲೈನ್‌ಮೆಂಟಿಗೂ ಏನು ಸಂಬಂಧ ಸರ್?

ಮೊಳೆಜೋಡಣೆ:
ಅದೇ ಸಂಬಂಧ. ಒಂದು ಖಾಲಿ ಸೆಲ್‌ನಲ್ಲಿ ಮೊದಲು `'` ಹಾಕಿ ಹತ್ತು ಸೊನ್ನೆ ಹೊಡೆಯಿರಿ, ಇಲ್ಲದಿದ್ದರೆ ಎಕ್ಸೆಲ್ ಒಂದೇ ಸೊನ್ನೆ ಉಳಿಸುತ್ತದೆ. ಅದರ ಕೆಳಗೆ ಹಾಗೆಯೇ ಹತ್ತು ಒಂದು. ಎರಡಕ್ಕೂ ಜಾರ್ಜಿಯಾ, 20 ಪಾಯಿಂಟ್. ಪ್ರಿಂಟ್ ತೆಗೆದು ಸ್ಕೇಲ್ ಇಟ್ಟು ಅಳೆಯಿರಿ.

ಬೆಲ್ಲದಚ್ಚು:
ಸೊನ್ನೆಯ ಸಾಲು 43 ಮಿ.ಮೀ. ಒಂದರ ಸಾಲು 30. ಇಷ್ಟು ವ್ಯತ್ಯಾಸನಾ!

ಮೊಳೆಜೋಡಣೆ:
ಹೌದು. ಜಾರ್ಜಿಯಾದಲ್ಲಿ ಪ್ರತಿ ಅಂಕಿಗೂ ಅದರದೇ ಅಗಲ. ಒಂದಕ್ಕೆ ಕಡಿಮೆ ಜಾಗ, ಸೊನ್ನೆಗೆ ಜಾಸ್ತಿ. ನೀವು ರೈಟ್ ಅಲೈನ್ ಕೊಟ್ಟಾಗ ಎಕ್ಸೆಲ್ ಚುಕ್ಕೆಯನ್ನು ಜೋಡಿಸುವುದಿಲ್ಲ. ಕೊನೆಯ ಅಂಕಿಯ ಬಲ ಅಂಚನ್ನು ಮಾತ್ರ ಜೋಡಿಸುತ್ತದೆ. ಚುಕ್ಕೆ ಎಲ್ಲಿ ಬೀಳುತ್ತದೆ ಅನ್ನುವುದು ಅದರ ಬಲಕ್ಕಿರುವ ಎರಡು ಅಂಕಿಗಳ ಅಗಲದ ಮೇಲೆ ಹೋಗುತ್ತದೆ. 12 ಪಾಯಿಂಟ್‌ನಲ್ಲಿ "00" ಸುಮಾರು 14.7 ಪಾಯಿಂಟ್ ಅಗಲ, "75" ಸುಮಾರು 12.4. ಹಾಗಾಗಿ 8.75 ರ ಚುಕ್ಕೆ 240.00 ರ ಚುಕ್ಕೆಗಿಂತ ಮುಕ್ಕಾಲು ಮಿಲಿಮೀಟರಿನಷ್ಟು ಬಲಕ್ಕೆ ಜಾರುತ್ತದೆ. ಒಂದು ಸಾಲಿನಲ್ಲಿ ಗೊತ್ತಾಗುವುದಿಲ್ಲ. 240 ಸಾಲಿನಲ್ಲಿ ಹಾವಾಗುತ್ತದೆ.

ಶೆಟ್ರು ಹೇಳಿದ್ದೂ ಅರ್ಧ ಸರಿ. `?` ಹಾಕಿದರೆ ಇಲ್ಲದ ಅಂಕಿಯ ಬದಲು ಒಂದು ಖಾಲಿ ಜಾಗ ಬರುತ್ತದೆ. ಅಂಕಿಯೂ ಖಾಲಿ ಜಾಗವೂ ಒಂದೇ ಅಗಲ ಇರುವ ಫಾಂಟ್‌ನಲ್ಲಿ ಮಾತ್ರ ಅದು ಚುಕ್ಕೆಯನ್ನು ನೆಟ್ಟಗೆ ಇಡುತ್ತದೆ. ಅದನ್ನು ತೆಗೆದದ್ದಕ್ಕೆ ಸ್ವಲ್ಪ ಸುಧಾರಿಸಿತು. ಮೂಲ ಕಾರಣ ಮಾತ್ರ ಹಾಗೇ ಉಳಿಯಿತು.

ಫೋನ್‌ನಲ್ಲಿ ನೆಟ್ಟಗೆ ಕಂಡದ್ದೇ ಸುಳಿವು. ನಿಮ್ಮ ಫೋನ್‌ನಲ್ಲಿ ಜಾರ್ಜಿಯಾ ಇಲ್ಲ. ಅದು ತನ್ನಲ್ಲಿದ್ದ ಬೇರೆ ಫಾಂಟ್ ಹಾಕಿಕೊಂಡಿದೆ. ಅದರ ಅಂಕಿಗಳು ಸಮ ಅಗಲದವು.

ಫಾರ್ಮುಲಾ ಶೆಟ್ರು:
ಅರ್ಧ ಸರಿ ಅಂದರೆ ಏನು ಸರ್? `0.00` ಹಾಕದೆ ಯಾವ ಫಾಂಟ್ ಹಾಕಿದರೂ ಸರಿಹೋಗಲ್ಲ.

ಮೊಳೆಜೋಡಣೆ:
ಅಂಕಿಯೂ ಖಾಲಿ ಜಾಗವೂ ಒಂದೇ ಅಗಲದ ಫಾಂಟ್ ಆದರೆ `?` ಕೂಡ ನಡೆಯುತ್ತದೆ. ಉಳಿದ ಫಾಂಟ್‌ಗಳಲ್ಲಿ ನೀವು ಹೇಳಿದ ಹಾಗೆ `0.00` ಬೇಕು, ಸಮ ಅಗಲದ ಅಂಕಿಯೂ ಬೇಕು.

ಕೋಡುಬಳೆ:
ಜಾರ್ಜಿಯಾದ ಅಂಕಿ ಓಲ್ಡ್‌ಸ್ಟೈಲ್. ಅದಕ್ಕೇ ಈ ರಾಮಾಯಣ. ಓಲ್ಡ್‌ಸ್ಟೈಲ್ ಅಂಕಿಯನ್ನು ಕೋಷ್ಟಕದಲ್ಲಿ ಹಾಕಲೇಬಾರದು. ಚುಕ್ಕೆ ವಕ್ರ ಆಗೇ ಆಗುತ್ತದೆ.

ಮೊಳೆಜೋಡಣೆ:
ಇಲ್ಲ ತಮ್ಮಾ, ಎರಡು ಬೇರೆ ಬೇರೆ ವಿಷಯ ಸೇರಿಸಿಬಿಟ್ಟೆ. ಅಗಲ ಒಂದು, ಎತ್ತರ ಇನ್ನೊಂದು. 3, 4, 5, 7, 9 ಗೆರೆಯಿಂದ ಕೆಳಗಿಳಿಯುತ್ತವೆ, 6, 8 ಮೇಲೇಳುತ್ತವೆ, 0, 1, 2 ಗಿಡ್ಡಗೆ ಉಳಿಯುತ್ತವೆ. ಓಲ್ಡ್‌ಸ್ಟೈಲ್ ಅಂದರೆ ಇಷ್ಟೇ. ಇದಕ್ಕೂ ಅಗಲಕ್ಕೂ ಸಂಬಂಧ ಇಲ್ಲ. ಗಿಡ್ಡ-ಉದ್ದ ಇದ್ದೂ ಸಮ ಅಗಲದ ಅಂಕಿಗಳು ಇವೆ. ಒಂದೇ ಎತ್ತರ ಇದ್ದೂ ಅಗಲ ಬೇರೆ ಬೇರೆ ಇರುವವೂ ಇವೆ. 18ನೇ ಶತಮಾನದ ಮೊದಲರ್ಧದಲ್ಲಿ ಅಚ್ಚಾದ ಲಾಗರಿದಮ್ ಕೋಷ್ಟಕಗಳನ್ನು ನೋಡು. ಎಲ್ಲ ಓಲ್ಡ್‌ಸ್ಟೈಲ್ ಅಂಕಿಯೇ, ಕಾಲಂ ಮಾತ್ರ ದಾರ ಹಿಡಿದ ಹಾಗೆ ನೆಟ್ಟಗಿದೆ.

ಬೆಲ್ಲದಚ್ಚು ಅವರಿಗೆ ಚುಕ್ಕೆ ಅಲ್ಲಾಡಿದ್ದು ಅಗಲದಿಂದ. ಅಂಕಿ ಕೆಳಗೆ ಜಾರಿದ ಹಾಗೆ ಕಂಡದ್ದು ಎತ್ತರದಿಂದ. ಎರಡು ಕಾಯಿಲೆ, ರೋಗಿ ಒಬ್ಬರೇ.

ಕೋಡುಬಳೆ:
ಸರಿ, ಒಪ್ಪಿದೆ. ಆದರೂ ದರಪಟ್ಟಿಗೆ ಓಲ್ಡ್‌ಸ್ಟೈಲ್ ಬೇಡ ಅನ್ನುವುದು ನನ್ನ ಹಟ.

ಮೊಳೆಜೋಡಣೆ:
ಅದರಲ್ಲಿ ನನಗೂ ತಕರಾರಿಲ್ಲ. ಜಾರ್ಜಿಯಾದಲ್ಲಿ 111 ಮತ್ತು 68 ಬರೆದು ನೋಡಿ. ಮೂರಂಕಿಯ 111, ಎರಡಂಕಿಯ 68 ಕ್ಕಿಂತ ಬರೀ ಅರ್ಧ ಮಿಲಿಮೀಟರ್ ಅಗಲ, ಅದೂ 12 ಪಾಯಿಂಟ್‌ನಲ್ಲಿ. ಎತ್ತರದಲ್ಲಿ 68 ಜಾಸ್ತಿ. ಕಾಲಂ ಮೇಲೆ ಸರಸರ ಕಣ್ಣಾಡಿಸುವ ಗಿರಾಕಿಗೆ 68 ದೊಡ್ಡದು, 111 ಸಣ್ಣದು ಅನ್ನಿಸಬಹುದು. ಅಗಲವೂ ಎತ್ತರವೂ ಸಮ ಇದ್ದರೆ ಓದುವ ಮೊದಲೇ ಯಾವುದು ನೂರು, ಯಾವುದು ಹತ್ತು ಅಂತ ಕಣ್ಣಿಗೆ ಗೊತ್ತಾಗುತ್ತದೆ.

ನಾನು ಟ್ರೆಡಲ್ ಮೆಷಿನ್ ಇದ್ದ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದವನು. ನಮ್ಮ ಕೇಸಿನಲ್ಲಿದ್ದ ಅಂಕಿ ಮೊಳೆಗಳೆಲ್ಲ ಒಂದೇ ದಪ್ಪ, ಬಾಡಿಯ ಅಂದರೆ ಮೊಳೆಯ ಪಾಯಿಂಟ್ ಅಳತೆಯ ಅರ್ಧ. ಅಂಕಿ ಇಲ್ಲದ ಕಡೆ ಅದೇ ದಪ್ಪದ ಎನ್ ಕ್ವಾಡ್ ಅನ್ನುವ ಖಾಲಿ ಮೊಳೆ ತುಂಬಿದರೆ ಮುಗೀತು, ಕಾಲಂ ತಾನೇ ನೆಟ್ಟಗೆ ನಿಲ್ಲುತ್ತಿತ್ತು. ನಿಮ್ಮ `?` ಮಾಡಲು ಹೊರಟದ್ದೂ ಅದನ್ನೇ.

ಕೋಡುಬಳೆ:
ಅಯ್ಯೋ ಸರ್, ಆ ಕೇಸ್ ಇನ್ನೂ ಇದೆಯಾ? ಫೋಟೊ ಹಾಕಿ ಪ್ಲೀಸ್.

ಬೆಲ್ಲದಚ್ಚು:
ಫೋಟೊ ಆಮೇಲೆ. ನಾನೀಗ ಏನು ಮಾಡಲಿ? ವರ್ಡ್‌ನಲ್ಲಿ `Number spacing` ಅಂತ ಒಂದು ಆಯ್ಕೆ ಇದೆ ಅಂತ ಯಾರೋ ಹೇಳಿದರು.

ಕೋಡುಬಳೆ:
ಇದೆ. ವರ್ಡ್ 2010 ರಿಂದ. `Ctrl+D` ಒತ್ತಿ, `Advanced` ಗೆ ಹೋಗಿ. `Number spacing` ನಲ್ಲಿ ಸಮ ಅಗಲಕ್ಕೆ `Tabular`, `Number forms` ನಲ್ಲಿ ಸಮ ಎತ್ತರಕ್ಕೆ `Lining`. ಆದರೆ ಎಕ್ಸೆಲ್‌ನ ಸೆಲ್ ಫಾರ್ಮ್ಯಾಟ್‌ನಲ್ಲಿ ಈ ಆಯ್ಕೆ ಕೊಟ್ಟಿಲ್ಲ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಫಾಂಟ್ ಹೆಸರಿನ ಕೊನೆಗೇ `:tnum&lnum` ಅಂತ ಸೇರಿಸಬಹುದು. ಎಲ್ಲ ಕಡೆ ಒಂದೇ ಷರತ್ತು: ಫಾಂಟಿನೊಳಗೆ ಆ ಅಂಕಿಗಳು ಇರಬೇಕು. ಇಲ್ಲದಿದ್ದರೆ ತಪ್ಪು ಅಂತಲೂ ಹೇಳುವುದಿಲ್ಲ, ಸುಮ್ನೆ ಮೊದಲಿನ ಹಾಗೇ ಇರುತ್ತದೆ. ಇದು ಗೊತ್ತಿಲ್ಲದೆ ನಾನು ಒಂದು ಭಾನುವಾರ ಪೂರ್ತಿ ಕಳೆದಿದ್ದೇನೆ.

ಮೊಳೆಜೋಡಣೆ:
ಅಷ್ಟೆಲ್ಲ ಬೇಡ. ಸಾಮಾನಿನ ಹೆಸರು ಜಾರ್ಜಿಯಾದಲ್ಲೇ ಇರಲಿ. ದರದ ಕಾಲಂ ಮಾತ್ರ ಆರಿಸಿ ಕೇಂಬ್ರಿಯಾ ಕೊಡಿ. ಅದರ ಅಂಕಿಗಳು ಮಾಮೂಲಾಗೇ ಸಮ ಅಗಲ, ಸಮ ಎತ್ತರ. ಅದೂ ಸೆರಿಫ್ ಅಕ್ಷರವೇ ಆದ್ದರಿಂದ ಪಕ್ಕದಲ್ಲಿ ತೀರಾ ಅಪರಿಚಿತನ ಹಾಗೆ ಕಾಣುವುದಿಲ್ಲ. ಆದರೆ ಕಾನ್ಸ್ಟಾಂಟಿಯಾ ಹಾಕಬೇಡಿ, ಅದರ ಮಾಮೂಲಿ ಅಂಕಿಯೂ ಓಲ್ಡ್‌ಸ್ಟೈಲ್. ಫಾರ್ಮ್ಯಾಟ್ `#,##0.00`.

ಫಾರ್ಮುಲಾ ಶೆಟ್ರು:
ನಾನು ಎಲ್ಲಕ್ಕೂ ವರ್ಡಾನಾ ಹಾಕುತ್ತೇನೆ. ಈ ತಾಪತ್ರಯವೇ ಇಲ್ಲ. ನನ್ನ ಶೀಟ್‌ನಲ್ಲಿ ₹ ಕೂಡ ಎಡ ಅಂಚಿಗೆ ಅಂಟಿ ನಿಲ್ಲುತ್ತದೆ:

```
"₹"* #,##0.00
```

ಆ `*` ಆದ ಮೇಲೆ ಒಂದು ಸ್ಪೇಸ್ ಇದೆ, ಮರೆಯಬೇಡಿ. ಎರಡು ಮಾನಿಟರ್, ಒಂದರಲ್ಲಿ ಲೆಡ್ಜರ್, ಒಂದರಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್. ನೋಡೋಕೆ ಖುಷಿ.

ಮೊಳೆಜೋಡಣೆ:
ಶೆಟ್ರೆ, ನಿಮ್ಮ ಒಟ್ಟು ಮೊತ್ತದ ಸಾಲು ಬೋಲ್ಡ್ ಅಲ್ವಾ? ಮೇಲಿನ ಸಾಲಿನ ಅಂಕಿಗೂ ಅದಕ್ಕೂ ಕೂಡುತ್ತದಾ ನೋಡಿ. ವರ್ಡಾನಾದಲ್ಲಿ ಬೋಲ್ಡ್ ಅಂಕಿ ಮಾಮೂಲಿ ಅಂಕಿಗಿಂತ ಹತ್ತಿರ ಹತ್ತಿರ ಶೇ. 12 ಅಗಲ. ಏರಿಯಲ್‌ನಲ್ಲಿ ಎರಡೂ ಒಂದೇ.

ಫಾರ್ಮುಲಾ ಶೆಟ್ರು:
…ಎಂಟು ವರ್ಷ ನಾನಿದನ್ನು ನೋಡಿಯೇ ಇಲ್ಲ. ಈಗ ಕಣ್ಣಿಗೆ ಚುಚ್ಚುತ್ತಿದೆ. ಹೇಳಬಾರದಿತ್ತು ಸರ್ ನೀವು.

ಬೆಲ್ಲದಚ್ಚು:
ಕೇಂಬ್ರಿಯಾ ಹಾಕಿ ಪ್ರಿಂಟ್ ತೆಗೆದೆ. ಚುಕ್ಕೆಯ ಮೇಲೆ ಸ್ಕೇಲ್ ಇಟ್ಟೆ, ನೆಟ್ಟಗಿದೆ! ಎಲ್ಲರಿಗೂ ಥ್ಯಾಂಕ್ಸ್. ಭಾವನಿಗೆ ಮಾತ್ರ ಸಮಾಧಾನ ಇಲ್ಲ. ಲೆಟರ್‌ಹೆಡ್‌ನ ಫೋನ್ ನಂಬರಿನ ಅಂಕಿ ಒಂದು ಥರ, ಪಟ್ಟಿಯ ಅಂಕಿ ಒಂದು ಥರ ಅನ್ನುತ್ತಾರೆ.

ಕೋಡುಬಳೆ:
ಹಾಗಾದರೆ ಲೆಟರ್‌ಹೆಡ್ಡನ್ನೇ ಬದಲಾಯಿಸಿ.

ಮೊಳೆಜೋಡಣೆ:
ಯಾಕೆ? ಸಾಲಿನ ಮಧ್ಯೆ ಬರುವ ನಂಬರಿಗೆ ಜಾರ್ಜಿಯಾ ಚೆನ್ನಾಗೇ ಒಪ್ಪುತ್ತದೆ. ಸಣ್ಣಕ್ಷರಗಳ ಜೊತೆ ಏರಿಳಿದು ಹೋಗುವುದೇ ಅದರ ಅಂದ. ಎರಡು ಜಾಗ, ಎರಡು ಕೆಲಸ.

ಕೋಡುಬಳೆ:
ಒಂದೇ ಹಾಳೆಯಲ್ಲಿ ಎರಡು ಥರ ಅಂಕಿ ನನಗಂತೂ ಸರಿ ಕಾಣಲ್ಲ.

ಮೊಳೆಜೋಡಣೆ:
ನಿನಗೆ ಕಾಣಲ್ಲ, ನನಗೆ ಕಾಣುತ್ತದೆ. ಬಿಡು.

ಬೆಲ್ಲದಚ್ಚು:
ಇನ್ನೊಂದು ವಿಷಯ. ಹಳ್ಳಿ ಕಡೆಯ ಗಿರಾಕಿಗಳಿಗೆ ಅಂತ ಇದೇ ಪಟ್ಟಿಯನ್ನು ಕನ್ನಡ ಅಂಕಿಯಲ್ಲೂ ಮಾಡಿದೆ. ೧೭.೧೦, ೮.೭೫ ಅಂತ. ಮತ್ತೆ ಅದೇ ಹಾವು!

ಫಾರ್ಮುಲಾ ಶೆಟ್ರು:
ಈ ಸಲ ಖಂಡಿತ ಟೆಕ್ಸ್ಟ್ ಆಗಿಯೇ ಕೂತಿರುತ್ತವೆ. `ISNUMBER` ಹಾಕಿ.

ಬೆಲ್ಲದಚ್ಚು:
ಹೌದು, ಟೆಕ್ಸ್ಟೇ. ಕೈಯಲ್ಲಿ ಟೈಪ್ ಮಾಡಿದ್ದು. ಆದರೆ ರೈಟ್ ಅಲೈನ್ ಕೊಟ್ಟಿದ್ದೇನೆ, ಹಿಂದೆ ಸ್ಪೇಸೂ ಇಲ್ಲ. ಚುಕ್ಕೆ ಯಾಕೆ ಅಲ್ಲಾಡಬೇಕು?

ಮೊಳೆಜೋಡಣೆ:
ಹತ್ತು ೦, ಹತ್ತು ೧, ಮತ್ತೆ ಅದೇ ಸ್ಕೇಲ್. ಅಂದ ಹಾಗೆ, ಯಾವ ಫಾಂಟ್?